ಫಿಸಿಕ್ಸ್ ಸರ್ ಪತ್ರವನ್ನು ಇಂಗ್ಲಿಷಿಗೆ ತಂದಿದ್ದು ಹೀಗೆ

ಒಬ್ಬ ಹುಡುಗಿಗಾಗಿ ಅವಳ ಫಿಸಿಕ್ಸ್ ಸರ್ ಕನ್ನಡದಲ್ಲಿ ಬರೆದ ಶಿಫಾರಸು ಪತ್ರವನ್ನು ನಾನು ಇಂಗ್ಲಿಷಿಗೆ ಅನುವಾದಿಸಿದ್ದೆ. ಅವಳಿಗೆ ಅಮೆರಿಕದ ಕಾಲೇಜಿನಿಂದ ಬಂದ ಸೀಟಿನ ಪತ್ರದ ಕೆಳಗೆ ಯಾರೋ ಪೆನ್ನಿನಲ್ಲಿ ಎರಡು ಸಾಲು ಬರೆದಿದ್ದರು. ಅದರಲ್ಲಿ ಅಮ್ಮೀಟರ್ ವಿಷಯ ಇತ್ತು. ನನ್ನ ಅನುವಾದ ಕೆಲಸ ಮಾಡಿದೆ ಅನ್ನೋದಕ್ಕೆ ಇನ್ನೇನು ಬೇಕು? "ಇಷ್ಟೆಲ್ಲ ಯಾರು ಓದ್ತಾರೆ, ಒಳ್ಳೆ ಇಂಗ್ಲಿಷಲ್ಲಿ ನೀವೇ ಬರೆದು ಸರ್ ಕೈಲಿ ಸೈನ್ ಹಾಕಿಸಿ" ಅಂದವರು ಬಹಳ ಜನ.

ಸರ್ಕಾರಿ ಪಿಯು ಕಾಲೇಜಿನ ಈ ಸರ್ ಶಿಫಾರಸನ್ನು ಎರಡು ಪುಟ ಕೈಬರಹದಲ್ಲಿ ಬರೆದಿದ್ದರು. ಮೊದಲು ತಮ್ಮ ಕೈಯಿಂದಲೇ ಪುಟಕ್ಕೆ 800 ರೂಪಾಯಿ ಹಾಗೆ ಕೊಟ್ಟು ಒಂದು ಏಜೆನ್ಸಿಯಲ್ಲಿ ಅನುವಾದ ಮಾಡಿಸಿದ್ದರು. ತಪ್ಪೇನೂ ಇರಲಿಲ್ಲ. ಆದರೆ ಹುಡುಗಿ ಬರೀ "ಸಿನ್ಸಿಯರ್, ಹಾರ್ಡ್‌ವರ್ಕಿಂಗ್" ಆಗಿ ಉಳಿದಿದ್ದಳು. ಲ್ಯಾಬಿನ ಅರ್ಧ ಪುಟವನ್ನು ಒಂದೇ ಸಾಲಿಗೆ ಇಳಿಸಿದ್ದರು. ಆ ದುಡ್ಡು ನೀರಲ್ಲಿ ಹೋಯಿತು.

ನಾನು ಅರ್ಧ ಪುಟವನ್ನು ಅರ್ಧ ಪುಟವಾಗಿಯೇ ಇಟ್ಟೆ. ಓಮ್ ನಿಯಮದ ಪ್ರಯೋಗದಲ್ಲಿ ರೀಡಿಂಗ್ ಕೂಡಿಬರಲಿಲ್ಲ. ಉಳಿದವರು ಪಕ್ಕದ ಬ್ಯಾಚಿನ ರೀಡಿಂಗ್ ಬರೆದುಕೊಂಡರು. ಇವಳು ಊಟದ ಹೊತ್ತಿನಲ್ಲಿ ಕನೆಕ್ಷನ್ ಎಲ್ಲ ಬಿಚ್ಚಿ, ಅಮ್ಮೀಟರಿನ ತುಕ್ಕು ಹಿಡಿದ ಟರ್ಮಿನಲ್ ಅನ್ನು ಬ್ಲೇಡಿನಿಂದ ಕೆರೆದು ಮತ್ತೆ ಜೋಡಿಸಿದಳು. ಸರ್ ಇದನ್ನು ಒಂದೇ ಉದ್ದ ವಾಕ್ಯದಲ್ಲಿ ಬರೆದಿದ್ದರು. ಇಂಗ್ಲಿಷಿನಲ್ಲಿ ನಾಲ್ಕು ಚಿಕ್ಕ ವಾಕ್ಯ ಮಾಡಿದೆ, ಬಿಚ್ಚುವುದು, ಕೆರೆಯುವುದು, ಜೋಡಿಸುವುದು ಯಾವುದನ್ನೂ ಬಿಡಲಿಲ್ಲ. ಕೊನೆಯ ಆಶೀರ್ವಾದವನ್ನೂ ತೆಗೆಯಲಿಲ್ಲ, ಸರಳವಾಗಿ ಒಂದು ಸಾಲಿನಲ್ಲಿ ಇಟ್ಟೆ. ಎಸ್ಸೆಸ್ಸೆಲ್ಸಿ ಅಂಕದ ಪಕ್ಕ ಮಾತ್ರ "ಒಟ್ಟು 625ಕ್ಕೆ" ಅಂತ ಅನುವಾದಕರ ಟಿಪ್ಪಣಿ ಹಾಕಿದೆ.

ಸುಮ್ನೆ ನೋಡೋಣ ಅಂತ ಇಂಥದ್ದೇ ಹಳೆಯ ಪತ್ರವೊಂದರಲ್ಲಿ ಹೆಸರು ಊರು ತೆಗೆದು, ಗೆಳೆಯರಿಬ್ಬರಿಗೆ ಎರಡು ಥರದ ಅನುವಾದ ಕೊಟ್ಟಿದ್ದೆ. ಮರುದಿನ ಕೇಳಿದರೆ, ಗುಣವಾಚಕ ತುಂಬಿದ್ದನ್ನು ಓದಿದವನಿಗೆ "ಒಳ್ಳೆ ಹುಡುಗ" ಅನ್ನೋದಷ್ಟೇ ನೆನಪಿತ್ತು. ಇನ್ನೊಬ್ಬ ಇಡೀ ಘಟನೆ ಹೇಳಿದ.

ಪತ್ರದಲ್ಲಿ ಇಲ್ಲದ್ದನ್ನು ನಾವು ಸೇರಿಸಬಾರದು, ಅಲ್ವಾ? ಕನ್ನಡದಲ್ಲಿ "ಲ್ಯಾಬಿನಲ್ಲಿ ಸಹಾಯ ಮಾಡುತ್ತಾಳೆ" ಅಂತಷ್ಟೇ ಇದ್ದ ಕಡೆ ಸರ್‌ಗೆ ಫೋನ್ ಮಾಡಿದೆ. ಅವರು ನೆನಪಿಸಿಕೊಂಡು ಹೇಳಿದ್ದನ್ನು ಅವರೇ ಕನ್ನಡ ಪತ್ರಕ್ಕೆ ಸೇರಿಸಿ ಮತ್ತೆ ಸಹಿ ಹಾಕಿದರು. ಆಮೇಲೆ ಅನುವಾದಿಸಿದೆ. ಅವರ ನೆನಪು ಕೆದಕಲು ನಾನು ಕೇಳುವ ಮೂರು ಪ್ರಶ್ನೆಗಳಿವೆ. ಅವನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದು. ಕೊನೆಗೆ ಇಂಗ್ಲಿಷ್ ಪ್ರತಿಯನ್ನು ಫೋನಿನಲ್ಲೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಸರ್ ಎರಡು ಕಡೆ ತಡೆದು ತಿದ್ದಿಸಿದರು.

ಹುಡುಗಿಯ ಅಪ್ಪ ಪತ್ರ ತೋರಿಸಿ ಅಂತ ಬಹಳ ಕೇಳಿದರು. ತೋರಿಸಲಿಲ್ಲ. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಪತ್ರ ನೋಡುವ ಹಕ್ಕನ್ನು ಅವಳು ಬಿಟ್ಟುಕೊಟ್ಟಿದ್ದಳು. ಮೂಲ, ಅನುವಾದ, ನನ್ನ ಸಹಿ ಇರುವ ದೃಢೀಕರಣ, ಮೂರನ್ನೂ ಒಂದೇ ಪಿಡಿಎಫ್ ಮಾಡಿ ಸರ್‌ಗೆ ಕಳಿಸಿದೆ. ಅವರಿಗೆ ಬಂದ ಲಿಂಕಿನಲ್ಲಿ ಅವರೇ ಅಪ್‌ಲೋಡ್ ಮಾಡಿದರು. ನಾನು ತೆಗೆದುಕೊಂಡಿದ್ದು ಒಟ್ಟು 1,500ರ ಆಸುಪಾಸು.