ಅತ್ತೆಯ ಹೆಸರಿನ ಮನೆ, ಸೊಸೆಯ ವಾಸ: ನನ್ನ ಅನುಭವ

ಅತ್ತೆಯ ಹೆಸರಿನ ಮನೆಯಿಂದ ಹೊರಬಿದ್ದ ಸೊಸೆ ಗೃಹಹಿಂಸೆ ಕಾಯ್ದೆಯಡಿ ಹಾಕುವ ಅರ್ಜಿಯಲ್ಲಿ ಮನೆಯ ವಾಸವನ್ನೂ ಬಾಡಿಗೆ ಮನೆಯನ್ನೂ ಒಟ್ಟಿಗೆ ಕೇಳಬಾರದು ಎಂಬುದು ಕಾಸರಗೋಡಿನ ನಮ್ಮ ವಕೀಲರಲ್ಲಿ ಬಹಳ ಮಂದಿಯ ಅಭಿಪ್ರಾಯ. "ಬಾಡಿಗೆ ಕೇಳಿದ ದಿನವೇ ಮನೆ ಬಿಟ್ಟುಕೊಟ್ಟ ಹಾಗೆ" ಎಂದು ಹಿರಿಯರೊಬ್ಬರು ನನ್ನ ಕರಡನ್ನು ಓದದೆಯೇ ಹಿಂದೆ ಕೊಟ್ಟಿದ್ದರು. ಬದಿಯಡ್ಕದ ಕಡೆಯ ಒಂದು ಕೇಸಿನಲ್ಲಿ ಎರಡನ್ನೂ ಕೇಳಿದೆ, ಎರಡೂ ಸಿಕ್ಕಿದವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋತ ಲೆಕ್ಕ. ಮನೆಯೊಂದನ್ನೇ ಹಿಡಿದುಕೊಂಡು ಹೋದ ಎರಡು ಅರ್ಜಿಗಳು ಕೈಕೊಟ್ಟವು. 2020ರ ಅಕ್ಟೋಬರಿನಲ್ಲಿ ಸತೀಶ್ ಚಂದರ್ ಅಹುಜಾ ತೀರ್ಪು ಬಂದ ಹುರುಪು ಆಗ ಇತ್ತು. ಮನೆ ಗಂಡನದ್ದೋ, ಅವನು ಬಾಡಿಗೆಗೆ ಹಿಡಿದದ್ದೋ, ಅವನ ಕೂಡುಕುಟುಂಬದ್ದೋ ಆಗಿದ್ದರೆ ಮಾತ್ರ ಸೊಸೆಗೆ ಹಕ್ಕು ಎಂದಿದ್ದ ಬಾತ್ರಾ ತೀರ್ಪನ್ನು ಸುಪ್ರೀಂ ಕೋರ್ಟು ಅದರಲ್ಲಿ ಸರಿಯಲ್ಲವೆಂದಿತು. ಗಂಡನಿಗೆ ಕವಡೆಯಷ್ಟು ಪಾಲಿಲ್ಲದ, ಅತ್ತೆ ಮಾವನ ಸ್ವಂತ ಮನೆಯೂ ಸಹವಾಸದ ಮನೆ, ಅಂದರೆ ಸೊಸೆಗೆ ವಾಸದ ಹಕ್ಕಿರುವ ಮನೆ ಆಗಬಹುದು ಎಂದಾಯಿತು. ನಾವು ಓದಿ ಅಲ್ಲಿಗೇ ನಿಲ್ಲಿಸಿದೆವು. ಈ ಹಕ್ಕು ಅಲುಗಾಡಿಸಲಾಗದ ಹಕ್ಕಲ್ಲ, ಅದರಲ್ಲೂ ಎದುರಿಗಿರುವುದು ವಯಸ್ಸಾದ ಅತ್ತೆ ಮಾವ ಆಗಿದ್ದರೆ ಇಬ್ಬರ ಹಿತವನ್ನೂ ತೂಗಬೇಕು ಎಂಬ ಮಾತು ಅದೇ ತೀರ್ಪಿನಲ್ಲಿದೆ. ಎದುರು ವಕೀಲರು ಆ ಭಾಗವನ್ನೇ ಓದಿದರು. ಒಂದೂವರೆ ವರ್ಷ ಕಳೆದ ಮೇಲೆ ಆ ಹೆಣ್ಣುಮಕ್ಕಳ ಕೈಯಲ್ಲಿ ಮನೆಯೂ ಇರಲಿಲ್ಲ, ಬಾಡಿಗೆಯೂ ಇರಲಿಲ್ಲ. ಬಾಡಿಗೆಯನ್ನು ನಾನು ಕೇಳಿಯೇ ಇರಲಿಲ್ಲ. ತಪ್ಪು ನನ್ನದೇ.

ಬದಿಯಡ್ಕದ ಕೇಸು ಹೀಗೆ. ಇಪ್ಪತ್ತೈದು ಸೆಂಟ್ಸ್ ಜಾಗ, ಅದರ ಆಧಾರಪತ್ರ ಅತ್ತೆಯ ಹೆಸರಿನಲ್ಲಿ, ಗಂಡ ದುಬೈಯಲ್ಲಿ. ಸೊಸೆ ನಾಲ್ಕು ವರ್ಷ ಅಲ್ಲೇ ಇದ್ದಳು. ಮಗುವಿಗೆ ಜ್ವರವೆಂದು ತವರಿಗೆ ಹೋಗಿ ಬರುವಷ್ಟರಲ್ಲಿ ಬೀಗ ಬದಲಾಗಿತ್ತು. ಗೃಹಹಿಂಸೆ ಕಾಯ್ದೆಯ ಸೆಕ್ಷನ್ 12ರ ಅರ್ಜಿ, ಜೊತೆಗೆ ಸೆಕ್ಷನ್ 23ರ ಮಧ್ಯಂತರ ಆದೇಶಕ್ಕಾಗಿ ಅಫಿಡವಿಟ್ಟು ಹಾಕಿದೆವು. ರಕ್ಷಣಾಧಿಕಾರಿಯ ವರದಿಗಾಗಿ ಕಾಯಲಿಲ್ಲ. ಆ ವರದಿ ಇಲ್ಲದೆಯೂ ಆದೇಶ ಕೊಡಬಹುದು ಎಂದು 2022ರ ಪ್ರಭಾ ತ್ಯಾಗಿ ತೀರ್ಪಿನಲ್ಲಿದೆ.

ಬೇಡಿಕೆಗಳನ್ನು ಒಂದರ ಹಿಂದೆ ಒಂದು ಮೆಟ್ಟಿಲಿನ ಹಾಗೆ ಜೋಡಿಸಿದೆ. ಮೊದಲನೆಯದು, ಈಗಲೇ ಒಳಗೆ ಬಿಡಬೇಕು, ಹೊರಗೆ ಹಾಕಬಾರದು, ಮನೆಯನ್ನು ಮಾರಬಾರದು. ಎರಡನೆಯದು, ಅತ್ತೆ ಮಾವನ ವಯಸ್ಸನ್ನು ನೋಡಿ ಒಟ್ಟಿಗೆ ಇರುವುದು ಆಗದೆಂದು ಕೋರ್ಟಿಗೆ ಕಂಡರೆ, ಸೆಕ್ಷನ್ 19(1)(ಎಫ್) ಪ್ರಕಾರ ಅದೇ ಮಟ್ಟದ ಬಾಡಿಗೆ ಮನೆಯನ್ನು ಗಂಡ ಮಾಡಿಕೊಡಬೇಕು. ಮೂರನೆಯದೇ ಇಡೀ ಅರ್ಜಿಯ ಕೀಲು: ಅಡ್ವಾನ್ಸು ಮತ್ತು ಮೊದಲ ಮೂರು ತಿಂಗಳ ಬಾಡಿಗೆ ಕೋರ್ಟಿನಲ್ಲಿ ಕಟ್ಟುವವರೆಗೆ ಮೊದಲನೆಯ ಆದೇಶ ಜಾರಿಯಲ್ಲಿರಬೇಕು. ಈ ವಾಕ್ಯವಿಲ್ಲದೆ ಬಾಡಿಗೆ ಕೇಳಿದರೆ ಹಿರಿಯರು ಹೇಳಿದ ಹಾಗೆಯೇ ಆಗುತ್ತದೆ, ಅದನ್ನು ಒಪ್ಪುತ್ತೇನೆ. ವಾಕ್ಯವಿದ್ದರೆ ಅತ್ತೆ ಮಾವನೇ ಮಗನಿಗೆ ಫೋನು ಮಾಡಿ ದುಡ್ಡು ಕಳಿಸೆಂದು ಹೇಳುತ್ತಾರೆ.

ಅತ್ತೆಯನ್ನು ಮನೆಯಿಂದ ಹೊರಗೆ ಹಾಕಿಸಿ ಎಂದು ಮಾತ್ರ ಯಾರೂ ಬರೆಯಬೇಡಿ. 2016ರ ಹಿರಲ್ ಹರ್ಸೋರಾ ತೀರ್ಪಿನ ಮೇಲೆ ಅತ್ತೆಯನ್ನು ಎದುರುದಾರಳಾಗಿ ಸೇರಿಸಲು ಅಡ್ಡಿಯಿಲ್ಲ. ಆದರೆ ಹೆಂಗಸನ್ನು ಮನೆ ಬಿಟ್ಟು ಹೋಗೆಂದು ಹೇಳುವ ಆದೇಶಕ್ಕೆ ಸೆಕ್ಷನ್ 19ರಲ್ಲೇ ತಡೆಯಿದೆ. ಅಂಥ ಬೇಡಿಕೆ ಕಂಡರೆ ಉಳಿದ ಅರ್ಜಿಯ ಮೇಲೂ ಕೋರ್ಟಿಗೆ ನಂಬಿಕೆ ಹೋಗುತ್ತದೆ.

ಮನೆಯ ವಿವರ ಬರೆಯುವ ಷೆಡ್ಯೂಲಿನಲ್ಲಿ ಕಲಿತ ಪಾಠ ದೊಡ್ಡದು. ಹಿಂದಿನ ಒಂದು ಕೇಸಿನಲ್ಲಿ "ಪೂರ್ವದ ಕೋಣೆಯಲ್ಲಿ ವಾಸ" ಎಂದಷ್ಟೇ ಆದೇಶವಾಗಿತ್ತು. ಸೊಸೆ ಕೋಣೆಗೆ ಹೋದಳು. ಬಾವಿಯ ಮೋಟರಿನ ಸ್ವಿಚ್ಚು ಮಾವ ಮಲಗುವ ಕೋಣೆಯ ಒಳಗಿತ್ತು. ಬಚ್ಚಲಿಗೆ ಹೋಗಲು ಅಡುಗೆಮನೆ ದಾಟಬೇಕು, ಅಡುಗೆಮನೆಗೆ ಚಿಲಕ. ಆದೇಶದಲ್ಲಿ ಅದ್ಯಾವುದೂ ಇರಲಿಲ್ಲ, ಪೊಲೀಸರು ಬಂದು ಓದಿ ಹಿಂದೆ ಹೋದರು. ಒಂಬತ್ತನೆಯ ದಿನ ಅವಳೇ ಬ್ಯಾಗು ಎತ್ತಿಕೊಂಡಳು. ಈಗ ನಾನು ಕಾಗದದ ಮೇಲೆ ಮನೆಯ ನಕ್ಷೆ ಬಿಡಿಸಿಕೊಂಡೇ ಬರೆಯುವುದು: ಚಾವಡಿಯಿಂದ ಒಳಗೆ ಹೋಗುವ ದಾರಿ, ಅಡುಗೆಮನೆ, ಗ್ಯಾಸು, ಬಚ್ಚಲು, ಬಾವಿ, ಮೋಟರಿನ ಸ್ವಿಚ್ಚು, ಕರೆಂಟಿನ ಕನ್ಸ್ಯೂಮರ್ ನಂಬರು. ಸ್ಥಳೀಯ ಠಾಣೆಯ ಅಧಿಕಾರಿ ನೆರವಾಗಬೇಕು ಎಂದೂ ಅದೇ ಆದೇಶದಲ್ಲಿ ಕೇಳುತ್ತೇನೆ, ಸೆಕ್ಷನ್ 19ರಲ್ಲಿ ಅದಕ್ಕೆ ಅವಕಾಶವಿದೆ.

ವಾಸದ ಸಾಕ್ಷ್ಯ ನಮ್ಮ ಕಡೆ ಹೆಚ್ಚಾಗಿ ಸಡಿಲ. ಗಂಡ ಗಲ್ಫಿಗೆ ಹೋದ ಮೇಲೆ ಸೊಸೆ ವರ್ಷದಲ್ಲಿ ಅರ್ಧ ತವರಿನಲ್ಲಿರುತ್ತಾಳೆ, ಆಧಾರ್ ಕಾರ್ಡಿನಲ್ಲೂ ತವರಿನ ವಿಳಾಸ. ಹಬ್ಬಕ್ಕೆ ಬಂದು ಹೋಗುವವಳು ಎಂದು ಎದುರಿನವರು ವಾದಿಸುತ್ತಾರೆ, ಬಂದು ಹೋಗುವ ವಾಸ ಸಾಲದೆಂದು ಅಹುಜಾ ತೀರ್ಪು ಹೇಳುವುದೂ ನಿಜ. ಬದಿಯಡ್ಕದ ಕೇಸನ್ನು ಉಳಿಸಿದ್ದು ಗಂಡನ ಮನೆಯ ರೇಷನ್ ಕಾರ್ಡಿನಲ್ಲಿದ್ದ ಅವಳ ಹೆಸರು, ಅಂಗನವಾಡಿಯಲ್ಲಿದ್ದ ಮಗುವಿನ ವಿಳಾಸ. ಮೂರನೆಯ ದಾಖಲೆಯೊಂದಿದೆ. ಅದನ್ನು ಎಲ್ಲರೂ ಮರೆಯುತ್ತಾರೆ, ಇಲ್ಲಿ ಬರೆದರೆ ಎದುರಿನವರೂ ಓದುತ್ತಾರೆ, ಬೇಡ.

ಮಧ್ಯಂತರ ಆದೇಶ ಹತ್ತಿಪ್ಪತ್ತು ದಿನದಲ್ಲಿ ಬಂತು, ಅಂತಿಮ ಆದೇಶಕ್ಕೆ ಎಂಟು ತಿಂಗಳು ಹಿಡಿಯಿತೆಂದು ನೆನಪು. ಕಾಯ್ದೆಯಲ್ಲಿ ಅರುವತ್ತು ದಿನವೆಂದಿದೆ. ಬಾಡಿಗೆ ಒಂಬತ್ತು ಸಾವಿರ ಕೇಳಿದ್ದೆ, ಏಳರ ಆಸುಪಾಸಿನಲ್ಲಿ ನಿಂತಿತು. ಪೇಟೆಯ ಮೂರು ಬಾಡಿಗೆ ಚೀಟಿ ಹಾಜರುಪಡಿಸಿದ್ದರಿಂದ ಅಷ್ಟಾದರೂ ಆಯಿತು. ಅವಳಿಗೆ ಖರ್ಚಾದದ್ದು ಪ್ರತಿಗಳಿಗೂ ಬಸ್ಸಿಗೂ ಸೇರಿ ಸಾವಿರದ ಒಳಗೆ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಇದೆ, ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಟ್ಟರೆ ಸಾಕು.

ಅತ್ತೆ ಮಾವನ ಪರವಾಗಿಯೂ ನಿಂತಿದ್ದೇನೆ. ದುಡಿದು ಕಟ್ಟಿದ ಮನೆಯಲ್ಲಿ ಮುದಿವಯಸ್ಸಿನಲ್ಲಿ ನೆಮ್ಮದಿಯಿಂದಿರುವ ಅವರ ಹಕ್ಕು ಸಣ್ಣದಲ್ಲ. ಅವರು ಮೊದಲು ಓಡುವುದು ಹಿರಿಯ ನಾಗರಿಕರ ಕಾಯ್ದೆಯಡಿ ಕಂದಾಯ ವಿಭಾಗಾಧಿಕಾರಿಯ, ಅಂದರೆ ಆರ್‌ಡಿಒ ಕಚೇರಿಗೆ. ನಾನೂ ಒಮ್ಮೆ ಆ ದಾರಿ ಹಿಡಿದು ನೋಡಿದೆ, ಸೊಸೆಯನ್ನು ಮನೆಯಿಂದ ಬಿಡಿಸುವ ಆದೇಶ ಬೇಗ ಸಿಕ್ಕಿತು, ಹೈಕೋರ್ಟಿನಲ್ಲಿ ಅಷ್ಟೇ ಬೇಗ ಬಿದ್ದುಹೋಯಿತು. 2020ರ ಡಿಸೆಂಬರಿನ ಎಸ್. ವನಿತಾ ಕೇಸು ಬೆಂಗಳೂರಿನದ್ದು. ಹಿರಿಯರ ಕಾಯ್ದೆಯನ್ನು ಹಿಡಿದು ಸೊಸೆಯ ವಾಸದ ಹಕ್ಕನ್ನು ಅಳಿಸಿಹಾಕುವಂತಿಲ್ಲ, ಎರಡನ್ನೂ ಹೊಂದಿಸಿ ನೋಡಬೇಕು ಎಂದು ಅದರಲ್ಲಿ ಹೇಳಿದೆ. ಅವರಿಗೆ ನಿಲ್ಲುವ ದಾರಿ ಸಿವಿಲ್ ದಾವೆ. ಗೃಹಹಿಂಸೆ ಕಾಯ್ದೆಯ ಸೆಕ್ಷನ್ 17 ತಡೆಯುವುದು ಕಾನೂನಿನ ಕ್ರಮವಿಲ್ಲದೆ ಹೊರಹಾಕುವುದನ್ನು ಮಾತ್ರ. ಆದರೆ ಆಧಾರಪತ್ರ ತೋರಿಸಿ, ಸೊಸೆ ಮಾಲಕತ್ವವನ್ನು ಒಪ್ಪಿದ್ದಾಳೆಂದು ವಿಚಾರಣೆಯಿಲ್ಲದೆ ಡಿಕ್ರಿ ಕೇಳಬೇಡಿ. ಅಹುಜಾ ಕೇಸಿನಲ್ಲಿ ಮಾವ ಪಡೆದದ್ದು ಅಂಥದ್ದೇ ಡಿಕ್ರಿ, ಅದು ನಿಲ್ಲಲಿಲ್ಲ. ಮಗನನ್ನೂ ದಾವೆಯಲ್ಲಿ ಸೇರಿಸಿ, ಅವನಿಂದ ಬಾಡಿಗೆಯ ಭರವಸೆಯನ್ನು ಅಫಿಡವಿಟ್ಟಿನಲ್ಲಿ ಬರೆಸಿಕೊಂಡು ಹೋದರೆ ಕೆಲಸ ಅರ್ಧ ಮುಗಿದ ಹಾಗೆ.

ಬಾಡಿಗೆ ವಸೂಲಿ ಈಗಲೂ ಕಷ್ಟವೇ. ದುಬೈಯ ಕಂಪೆನಿಗೆ ನಮ್ಮ ಮ್ಯಾಜಿಸ್ಟ್ರೇಟರ ಆದೇಶ ಕಳಿಸಿ ಸಂಬಳದಿಂದ ಹಿಡಿಯಿರೆಂದರೆ ಯಾರೂ ಕೇಳುವುದಿಲ್ಲ, ಒಮ್ಮೆ ಕಳಿಸಿ ನೋಡಿದ್ದೇನೆ. ಅದಕ್ಕೇ ಆಸ್ತಿ ಮತ್ತು ಸಾಲದ ಅಫಿಡವಿಟ್ಟನ್ನು ಮೊದಲ ಅವಧಿಯಲ್ಲೇ ಕೇಳುತ್ತೇನೆ. 2020ರ ರಜನೇಶ್–ನೇಹಾ ತೀರ್ಪಿನ ಮೇಲೆ ಜೀವನಾಂಶದ ಕೇಸುಗಳಲ್ಲಿ ಅದು ಕಡ್ಡಾಯ. ಅದರಲ್ಲಿ ಊರಿನ ಬ್ಯಾಂಕಿನ ಎನ್‌ಆರ್‌ಇ ಖಾತೆಯ ವಿವರ ಬಂದರೆ ಬಾಡಿಗೆ ತಪ್ಪಿದಾಗ ಕೈ ಹಾಕಲು ಒಂದು ಜಾಗ ಸಿಗುತ್ತದೆ. ಬದಿಯಡ್ಕದ ಕೇಸಿನಲ್ಲಿ ಎರಡು ತಿಂಗಳು ತಪ್ಪಿತ್ತು, ಖಾತೆಯ ಮೇಲೆ ಅರ್ಜಿ ಹಾಕಿದ ವಾರದಲ್ಲಿ ಎರಡೂ ಒಟ್ಟಿಗೆ ಬಂದವು.