ಕೊನೆಯ ಕಫ: ಒಬ್ಬ ಗೌಂಡಿಯ ಟಿಬಿ ಚಿಕಿತ್ಸೆಯನ್ನು ಮುಗಿಸಿದ ಬಗೆ

ಗದಗ ಜಿಲ್ಲೆಯಲ್ಲಿ ಟಿಬಿ ಚಿಕಿತ್ಸೆಯ ಮೇಲ್ವಿಚಾರಕನಾಗಿ ಕೆಲಸ ಮಾಡುತ್ತೇನೆ. ಇಲಾಖೆಯಲ್ಲಿ ನಮ್ಮನ್ನು ಎಸ್‌ಟಿಎಸ್ ಅಂತಾರೆ. ರೋಗಿಯ ಹೆಸರು ನಿಕ್ಷಯ್ ಅನ್ನುವ ಸರ್ಕಾರದ ಟಿಬಿ ಆನ್‌ಲೈನ್ ದಾಖಲೆಯಲ್ಲಿ ಏರಿದ ದಿನದಿಂದ ಅವರ ಚಿಕಿತ್ಸೆಯ ಫಲಿತಾಂಶ ಬರೆಯುವ ದಿನದವರೆಗೆ ಜೊತೆಗಿರುವುದು ನನ್ನ ಕೆಲಸ. ಈ ಫಲಿತಾಂಶದ ಬಗ್ಗೆಯೇ ಬರೆಯಬೇಕು ಅನ್ನಿಸಿತು. ಯಾಕೆಂದರೆ ‘ಗುಣವಾಗಿದೆ’ ಅಂತ ಬರೆಯುವುದಕ್ಕೂ ‘ಚಿಕಿತ್ಸೆ ಮುಗಿದಿದೆ’ ಅಂತ ಬರೆಯುವುದಕ್ಕೂ ವ್ಯತ್ಯಾಸ ಇದೆ. ಆ ವ್ಯತ್ಯಾಸ ನಿಂತಿರುವುದು ಒಂದು ಚಿಕ್ಕ ಡಬ್ಬಿ ಕಫದ ಮೇಲೆ.

ಗುಣವಾಗಿದೆ ಅಂತ ಬರೆಯಲು ಮೂರು ಸಂಗತಿ ಕೂಡಿ ಬರಬೇಕು. ಶುರುವಿನಲ್ಲಿ ಕಫದಲ್ಲಿ ರೋಗಾಣು ಇರುವುದು ಪರೀಕ್ಷೆಯಲ್ಲಿ ಖಚಿತವಾಗಿರಬೇಕು. ಚಿಕಿತ್ಸೆಯ ಕೊನೆಯ ತಿಂಗಳಲ್ಲಿ ಕಫ ನೆಗೆಟಿವ್ ಬಂದಿರಬೇಕು. ಅದಕ್ಕೂ ಮೊದಲು ಇನ್ನೊಂದು ಸಲವಾದರೂ ನೆಗೆಟಿವ್ ಬಂದಿರಬೇಕು. ಗುಳಿಗೆ ಎಲ್ಲ ನುಂಗಿದ್ದಾರೆ, ಚೆನ್ನಾಗಿಯೂ ಇದ್ದಾರೆ, ಆದರೆ ಈ ಎರಡು ನೆಗೆಟಿವ್‌ಗಳ ದಾಖಲೆ ಇಲ್ಲ ಅಂದರೆ ಅದು ‘ಚಿಕಿತ್ಸೆ ಮುಗಿದಿದೆ’ ಅಷ್ಟೇ. ಎರಡನ್ನೂ ಕೂಡಿಸಿ ಯಶಸ್ಸು ಅಂತಲೇ ಲೆಕ್ಕ ಹಾಕುತ್ತಾರೆ. ಹಾಗಾಗಿ ಬಹಳ ಕಡೆ ಕೊನೆಯ ಕಫದ ಹಿಂದೆ ಯಾರೂ ಬೀಳುವುದಿಲ್ಲ. ನಾನು ಬೀಳುತ್ತೇನೆ. ಒಬ್ಬ ಗೌಂಡಿಯ ಕಥೆ ಹೇಳಿದರೆ ಯಾಕೆ ಅಂತ ತಿಳಿಯುತ್ತದೆ. ಹೆಸರು, ಊರು ಬಿಟ್ಟಿದ್ದೇನೆ.

ಅವನಿಗೆ ಮೂವತ್ತು ದಾಟಿತ್ತು, ತೂಕ ಬರೀ 46 ಕಿಲೋ. ಒಂದು ತಿಂಗಳಿಂದ ಕೆಮ್ಮಿದ್ದರೂ ಅಂಗಡಿಯ ಸಿರಪ್ ಕುಡಿದುಕೊಂಡು ಇಟ್ಟಿಗೆ ಕಟ್ಟುತ್ತಿದ್ದ. ಮನೆ ಮನೆಗೆ ಹೋಗಿ ಎರಡು ವಾರ ಮೀರಿದ ಕೆಮ್ಮು ಯಾರಿಗಿದೆ ಅಂತ ಕೇಳುತ್ತಿದ್ದ ಆಶಾ ಅಕ್ಕ ಅವನನ್ನು ಹಿಡಿದರು. ಅವನು ಮನೆಯಲ್ಲಿರಲಿಲ್ಲ, ಹೇಳಿದ್ದು ಅವನ ತಾಯಿ. ರೋಗಾಣುವಿನ ಡಿಎನ್‌ಎ ಹುಡುಕುವ ಟ್ರೂನಾಟ್ ಪರೀಕ್ಷೆಯಲ್ಲಿ ಕಫ ಪಾಸಿಟಿವ್ ಬಂತು, ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಬಗ್ಗುವ ರೋಗಾಣುವೇ ಅಂತಲೂ ಗೊತ್ತಾಯಿತು. ಮೈಕ್ರೋಸ್ಕೋಪಿನಲ್ಲಿ 2+. ಅಂದರೆ ಪ್ರತಿ ನೋಟದಲ್ಲೂ, ಮಸೂರದಲ್ಲಿ ಒಂದು ಸಲಕ್ಕೆ ಕಾಣುವಷ್ಟು ಜಾಗದಲ್ಲಿ, ಒಂದರಿಂದ ಹತ್ತು ರೋಗಾಣು. ಮನೆಯವರನ್ನೆಲ್ಲ ತಪಾಸಣೆ ಮಾಡಿಸಿದೆವು, ಯಾರಿಗೂ ರೋಗ ಇರಲಿಲ್ಲ.

ಚಿಕಿತ್ಸೆ ಜನವರಿ 10ಕ್ಕೆ ಶುರುವಾಯಿತು. ಮೊದಲ 56 ದಿನ ನಾಲ್ಕು ಔಷಧಿ ಸೇರಿದ ಗುಳಿಗೆ, ಆಮೇಲೆ 112 ದಿನ ಮೂರು ಔಷಧಿಯದು. ಒಟ್ಟು 168 ಡೋಸ್. 35ರಿಂದ 49 ಕಿಲೋ ಇರುವವರಿಗೆ ದಿನಕ್ಕೆ ಮೂರು ಗುಳಿಗೆ. ಒಂದು ಪಟ್ಟಿಯಲ್ಲಿ 28 ಇರುತ್ತವೆ, ಹಾಗಾಗಿ ಅವನಿಗೆ 28 ದಿನಕ್ಕೆ ಮೂರು ಪಟ್ಟಿ. ಈ ಲೆಕ್ಕ ನೆನಪಿಡಿ, ಮುಂದೆ ಬೇಕಾಗುತ್ತದೆ.

ಎದುರಿಗೆ ನುಂಗಿಸುವುದು ಅಂತ ನಾವು ಹೇಳುತ್ತೇವಲ್ವಾ, ಅದು ಅವನ ವಿಷಯದಲ್ಲಿ ಆಶಾ ಅಕ್ಕನಿಂದ ಆಗುವಂತಿರಲಿಲ್ಲ. ಅವನು ಬೆಳಿಗ್ಗೆ ಏಳಕ್ಕೇ ಕೆಲಸಕ್ಕೆ ಹೊರಡುತ್ತಿದ್ದ. ತಾಯಿಯನ್ನೇ ಕೂರಿಸಿ ಕಲಿಸಿದೆವು. ಗುಳಿಗೆ ಕೈಯಲ್ಲಿ ಕೊಡುವುದಲ್ಲ, ನುಂಗಿ ನೀರು ಕುಡಿದು ಎರಡು ಮಾತಾಡುವವರೆಗೆ ಅಲ್ಲೇ ಇರಬೇಕು. ವಾಂತಿಯಾದರೆ ಫೋನ್ ಮಾಡಬೇಕು. ಖಾಲಿ ಪಟ್ಟಿ ಎಸೆಯಬಾರದು, ಡಬ್ಬಿಯಲ್ಲೇ ಇಡಬೇಕು. ಆಶಾ ಅಕ್ಕ ವಾರಕ್ಕೊಮ್ಮೆ ಹೋಗಿ ಆ ಪಟ್ಟಿಗಳನ್ನು ಎಣಿಸುತ್ತಿದ್ದರು. ನಾನು ಹೋದಾಗ ಮೂತ್ರದ ಬಣ್ಣ ಕೇಳುತ್ತಿದ್ದೆ. ರಿಫಾಂಪಿಸಿನ್ ಹೊಟ್ಟೆಗೆ ಹೋದ ಕೆಲವು ಗಂಟೆಗಳಲ್ಲಿ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕಾರ್ಡಿನಲ್ಲಿ ಟಿಕ್ ಇದ್ದು ಬಣ್ಣ ಬದಲಾಗಿಲ್ಲ ಅಂದರೆ ಟಿಕ್ ನಂಬಬೇಡಿ.

ಮಾರ್ಚ್ 6ಕ್ಕೆ 56 ಡೋಸ್ ಮುಗಿಯಿತು. ಆಗ ತೆಗೆದ ಕಫದಲ್ಲಿ ನೂರು ನೋಟಕ್ಕೆ ನಾಲ್ಕು ರೋಗಾಣು ಸಿಕ್ಕವು. ಇದನ್ನು ಸ್ಕ್ಯಾಂಟಿ ಅಂತಾರೆ. ಬಹಳ ಕಡಿಮೆ, ಆದರೆ ನೆಗೆಟಿವ್ ಅಲ್ಲ. ಔಷಧಿಗೆ ಬಗ್ಗದ ರೋಗಾಣು ಉಳಿದಿರಬಹುದಾ ಅಂತ ಮತ್ತೆ ಕಫ ಕಳಿಸಿದೆವು. ರಿಫಾಂಪಿಸಿನ್, ಐಸೋನಿಯಾಜಿಡ್ ಎರಡಕ್ಕೂ ಬಗ್ಗುತ್ತದೆ ಅಂತ ವರದಿ ಬಂತು. ಅಷ್ಟರಲ್ಲಿ ಎರಡನೇ ಹಂತದ ಗುಳಿಗೆ ಶುರುವಾಗಿತ್ತು.

ಇಲ್ಲೇ ಒಂದು ಗಂಟು ಇದೆ, ಅದನ್ನು ಆಗಲೇ ಗಮನಿಸಬೇಕು. ಸಾಮಾನ್ಯವಾಗಿ ನಮಗೆ ಸಿಗುವ ಎರಡು ನೆಗೆಟಿವ್ ಯಾವುವು? ಎರಡು ತಿಂಗಳ ಕೊನೆಯದು ಒಂದು, ಚಿಕಿತ್ಸೆಯ ಕೊನೆಯದು ಒಂದು. ಇವನದು ಮೊದಲನೆಯದು ಕೈತಪ್ಪಿತು. ಇನ್ನು ಕೊನೆಯಲ್ಲಿ ನೆಗೆಟಿವ್ ಬಂದರೂ ಅದೊಂದೇ ಆಗುತ್ತದೆ, ‘ಗುಣವಾಗಿದೆ’ ಅಂತ ಬರೆಯಲು ಸಾಲದು. ಹಾಗಾಗಿ ನಡುವೆ ಇನ್ನೊಂದು ಕಫ ಪರೀಕ್ಷೆ ಬೇಕೇ ಬೇಕು ಅಂತ ಅವನ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದೆ. ಆ ಪರೀಕ್ಷೆ ಮೈಕ್ರೋಸ್ಕೋಪಿನಲ್ಲೇ ಆಗಬೇಕು. ಟ್ರೂನಾಟ್ ಸತ್ತ ರೋಗಾಣುವಿನ ಅಂಶವನ್ನೂ ಹಿಡಿಯುತ್ತದೆ, ಚಿಕಿತ್ಸೆ ಚೆನ್ನಾಗಿ ನಡೆದವರಿಗೂ ಪಾಸಿಟಿವ್ ತೋರಿಸಬಹುದು. ರೋಗ ಪತ್ತೆಗೆ ಅದು ಒಳ್ಳೆಯದು, ಗುಣವಾಯಿತಾ ಅಂತ ನೋಡಲು ಅಲ್ಲ.

ಏಪ್ರಿಲ್ 10ಕ್ಕೆ ಅವನು ಗೋವಾಕ್ಕೆ ಹೋದ. ಮಳೆಗೆ ಮೊದಲು ಅಲ್ಲಿ ಕಟ್ಟಡದ ಕೆಲಸ ಜಾಸ್ತಿ, ನಮ್ಮ ಕಡೆಯಿಂದ ಬಹಳ ಮಂದಿ ಹೋಗುತ್ತಾರೆ. ಒಂದೇ ಪಟ್ಟಿ ಒಯ್ದಿದ್ದ. 28 ಗುಳಿಗೆ, ದಿನಕ್ಕೆ ಮೂರು. ಒಂಬತ್ತು ದಿನಕ್ಕೆ ಮುಗಿದು ಒಂದು ಗುಳಿಗೆ ಉಳಿಯುತ್ತದೆ. ಅಂದರೆ ಅವನ ಕೊನೆಯ ಡೋಸ್ ಏಪ್ರಿಲ್ 18ಕ್ಕೆ, ಅದು 99ನೆಯದು.

ನಮ್ಮ ದೇಶದ ಕಾರ್ಯಕ್ರಮದಲ್ಲಿ ಸತತ ಒಂದು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಗುಳಿಗೆ ನಿಂತರೆ ‘ಸಂಪರ್ಕ ತಪ್ಪಿದವರು’ ಅಂತ ಫಲಿತಾಂಶ ಬರೆದು ಆ ಚಿಕಿತ್ಸೆಯನ್ನು ಮುಚ್ಚಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಇದು ಎರಡು ತಿಂಗಳು. ಒಮ್ಮೆ ಮುಚ್ಚಿದರೆ ವಾಪಸ್ ಬಂದಾಗ ಮತ್ತೆ ಕಫ, ಮತ್ತೆ ಔಷಧಿಗೆ ಬಗ್ಗುತ್ತದಾ ಅಂತ ಪರೀಕ್ಷೆ, ಹೊಸ ನೋಂದಣಿ. ಬಹಳ ಮಂದಿ ಈ ತಿಂಗಳನ್ನು ಊರು ಬಿಟ್ಟ ದಿನದಿಂದ ಎಣಿಸುತ್ತಾರೆ. ಅದು ಸರಿಯಲ್ಲ. ಕೊನೆಯ ಡೋಸ್ ನುಂಗಿದ ದಿನದಿಂದ ಎಣಿಸಬೇಕು. ಅದಕ್ಕೇ ಎಷ್ಟು ಪಟ್ಟಿ ಒಯ್ದ ಅನ್ನುವುದು ಮುಖ್ಯ.

ತಾಯಿಗೆ ಮಗ ಗೋವಾದಲ್ಲಿ ಎಲ್ಲಿದ್ದಾನೆ ಅನ್ನುವುದು ಗೊತ್ತಿರಲಿಲ್ಲ. ಅವನ ಫೋನ್ ಬಂದ್. ಕರೆದುಕೊಂಡು ಹೋದ ಮೇಸ್ತ್ರಿಯ ನಂಬರ್ ಪಕ್ಕದ ಓಣಿಯಲ್ಲಿ ಸಿಕ್ಕಿತು. ಫೋನಿನಲ್ಲಿ ಸಿಕ್ಕಾಗ ಅವನು ಹೇಳಿದ್ದು ಇಷ್ಟೇ: ‘ಕೆಮ್ಮು ಹೋಗೇತ್ರಿ ಸರ, ಮತ್ಯಾಕ ಗುಳಿಗಿ?’ ಬೈಯಲಿಲ್ಲ. ಕೆಮ್ಮು ಹೋಗುವುದು ಮೊದಲ ತಿಂಗಳುಗಳ ಕೆಲಸ, ಉಳಿದವುಗಳನ್ನು ಕೊಲ್ಲುವುದು ಆಮೇಲಿನ ಕೆಲಸ, ಮಾರ್ಚ್‌ನಲ್ಲಿ ನಿನ್ನ ಕಫದಲ್ಲಿ ಇನ್ನೂ ನಾಲ್ಕು ಇದ್ದವು ತಮ್ಮಾ ಅಂತ ಹೇಳಿದೆ. ಆ ನಾಲ್ಕು ಅನ್ನುವ ಸಂಖ್ಯೆ ಅವನಿಗೆ ತಟ್ಟಿತು. ನಿಕ್ಷಯ್‌ನಲ್ಲಿ ಅವನ ಕೆಲಸದ ಜಾಗಕ್ಕೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ವರ್ಗ ಮಾಡಿದೆ, ಅಲ್ಲಿನವರ ಜೊತೆ ಮಾತಾಡಿದೆ. ಬರೀ ಕಂಪ್ಯೂಟರಿನಲ್ಲಿ ವರ್ಗ ಮಾಡಿ ಕೈತೊಳೆದರೆ ಆ ಕಡೆಯವರು ಸ್ವೀಕರಿಸುವುದಿಲ್ಲ, ಕೊನೆಗೆ ರೋಗಿಯ ಫಲಿತಾಂಶ ‘ಮೌಲ್ಯಮಾಪನ ಆಗಿಲ್ಲ’ ಅಂತ ಉಳಿಯುತ್ತದೆ. ಅವನ ಜೊತೆ ಒಂದೇ ಕೋಣೆಯಲ್ಲಿದ್ದ ದೊಡ್ಡಪ್ಪನ ಮಗನನ್ನು ನುಂಗಿಸುವವನನ್ನಾಗಿ ಮಾಡಿದೆವು.

ಮೇ 10ಕ್ಕೆ ಗುಳಿಗೆ ಮತ್ತೆ ಶುರುವಾಯಿತು. ಏಪ್ರಿಲ್ 19ರಿಂದ ಮೇ 9ರವರೆಗೆ 21 ಡೋಸ್ ತಪ್ಪಿತ್ತು. ತಿಂಗಳಿಗಿಂತ ಕಡಿಮೆ, ಹಾಗಾಗಿ ಅದೇ ಚಿಕಿತ್ಸೆ ಮುಂದುವರಿಯಿತು. ಆದರೆ ತಪ್ಪಿದ 21 ಕೊನೆಗೆ ಸೇರಬೇಕು. ಮೊದಲ ಲೆಕ್ಕದಲ್ಲಿ ಜೂನ್ 26ಕ್ಕೆ ಮುಗಿಯಬೇಕಿದ್ದದ್ದು ಜುಲೈ 17ಕ್ಕೆ ಹೋಯಿತು. ಕ್ಯಾಲೆಂಡರ್ ನೋಡಿ ಜೂನ್ 26ಕ್ಕೇ ನಿಲ್ಲಿಸಿದ್ದರೆ ಅವನ ಹೊಟ್ಟೆಗೆ ಹೋಗಿರುತ್ತಿದ್ದದ್ದು 147 ಡೋಸ್ ಮಾತ್ರ. ಆರು ತಿಂಗಳು ಅನ್ನುವುದು ನಾವು ರೋಗಿಗೆ ಹೇಳುವ ಮಾತು. ಚಿಕಿತ್ಸೆ ಮುಗಿಯಿತು ಅನ್ನಲು ಎಣಿಸಬೇಕಾದದ್ದು ಡೋಸ್.

ಜೂನ್‌ನಲ್ಲಿ ಮಳೆ ಹಿಡಿದು ಗೋವಾದ ಕೆಲಸ ನಿಂತಿತು, ಕಾರಹುಣ್ಣಿಮೆಯ ಹೊತ್ತಿಗೆ ಊರಿಗೆ ಬಂದ. ಕೆಂಪು ಪೆನ್ನಿನ ಪರೀಕ್ಷೆಗೆ ಇದೇ ಸಮಯ. ಆದರೆ ಒಂದು ಭಯವೂ ಇತ್ತು. ಚಿಕಿತ್ಸೆಯ ಐದನೇ ತಿಂಗಳು ಅಥವಾ ಆಮೇಲೆ ಕಫ ಪಾಸಿಟಿವ್ ಬಂದರೆ ಅದು ‘ಚಿಕಿತ್ಸೆ ವಿಫಲ’. ಮಾರ್ಚ್‌ನ ಸ್ಕ್ಯಾಂಟಿಗೆ ಆ ಹೆಸರಿಲ್ಲ, ಜೂನ್‌ನ ಸ್ಕ್ಯಾಂಟಿಗೆ ಇದೆ. ಹೆದರಿ ಪರೀಕ್ಷೆಯನ್ನೇ ಬಿಡುವವರೂ ಇದ್ದಾರೆ. ಆದರೆ ವಿಫಲವಾಗಿದ್ದರೆ ಅದು ಮೊದಲು ಗೊತ್ತಾಗಬೇಕಾದದ್ದು ರೋಗಿಗೇ ಅಲ್ವಾ?

‘ಕಫಾನ ಬರಂಗಿಲ್ಲರೀ’ ಅಂದ. ಎಲ್ಲರೂ ಹೇಳುವ ಮಾತು, ನಿಜವೂ ಹೌದು. ಆದರೆ ಡಬ್ಬಿ ಸುಮ್ನೆ ಕೈಗೆ ಕೊಟ್ಟು ಕಳಿಸಿದರೆ ಜೊಲ್ಲು ತುಂಬಿಕೊಂಡು ಬರುತ್ತಾರೆ. ಜೊಲ್ಲಿನಲ್ಲಿ ರೋಗಾಣು ಹುಡುಕಿ ನೆಗೆಟಿವ್ ಬರೆದರೆ ಅದು ನೆಗೆಟಿವ್ ಅಲ್ಲ, ಪರೀಕ್ಷೆಯೇ ಆಗಿಲ್ಲ. ತೆಳ್ಳಗೆ, ನೀರಿನಂತೆ, ಮೇಲೆ ಬರೀ ನೊರೆ ಇದ್ದರೆ ಜೊಲ್ಲು. ಡಬ್ಬಿ ವಾಲಿಸಿದಾಗ ನಿಧಾನವಾಗಿ ಜಾರುವ, ಮಂದವಾದ, ಎಳೆ ಎಳೆಯಾಗಿ ಬರುವುದು ಕಫ. ಲ್ಯಾಬಿನವರಿಗೆ ಕೊಡುವ ಮೊದಲು ನಾನೇ ಮುಚ್ಚಳ ತೆಗೆಯದೆ ಬೆಳಕಿಗೆ ಹಿಡಿದು ನೋಡುತ್ತೇನೆ.

ಅವನಿಗೆ ಹೇಳಿದ್ದು ಹೀಗೆ. ರಾತ್ರಿ ಚೆನ್ನಾಗಿ ನೀರು ಕುಡಿ. ಬೆಳಿಗ್ಗೆ ಎದ್ದ ತಕ್ಷಣ, ಚಹಾಕ್ಕೆ ಮೊದಲು, ಬರೀ ನೀರಿನಿಂದ ಬಾಯಿ ಮುಕ್ಕಳಿಸು. ಹಿತ್ತಲಿಗೆ ಹೋಗು, ಹತ್ತಿರ ಯಾರೂ ಇರಬಾರದು. ಎದೆ ತುಂಬ ಉಸಿರು ಎಳೆದು ಸ್ವಲ್ಪ ಹಿಡಿದು ಬಿಡು, ಹೀಗೆ ಎರಡು ಮೂರು ಸಲ. ಆಮೇಲೆ ಹೊಟ್ಟೆಯ ಆಳದಿಂದ ಕೆಮ್ಮು. ಎರಡು ಎಂಎಲ್ ಸಿಕ್ಕರೂ ಸಾಕು. ಮೊದಲ ದಿನ ತಂದದ್ದು ಜೊಲ್ಲು, ವಾಪಸ್ ಕಳಿಸಿದೆ. ಮರುದಿನ ತಂದದ್ದು ಕಫ. ನೆಗೆಟಿವ್ ಬಂತು. ಜುಲೈ ಎರಡನೇ ವಾರದಲ್ಲಿ ಇನ್ನೊಂದು, ಅದೂ ನೆಗೆಟಿವ್. ಜುಲೈ 17ಕ್ಕೆ 168ನೇ ಡೋಸ್. ಖಾಲಿ ಪಟ್ಟಿಗಳನ್ನೆಲ್ಲ ಎಣಿಸಿ, ಎರಡೂ ವರದಿ ಜೋಡಿಸಿ ಮೆಡಿಕಲ್ ಆಫೀಸರ್ ಮುಂದೆ ಇಟ್ಟೆ. ಅವರು ‘ಗುಣವಾಗಿದೆ’ ಅಂತ ಬರೆದರು. ತೂಕ 49 ಆಗಿತ್ತು.

ಈ ಮಾತು ಎಲ್ಲರಿಗೂ ಸಿಗುವಂಥದ್ದಲ್ಲ. ಅದೇ ತಿಂಗಳು ಕುತ್ತಿಗೆ ಗಂಟಿನ ಟಿಬಿ ಇದ್ದ ಒಬ್ಬ ಹುಡುಗಿಯ ಚಿಕಿತ್ಸೆಯೂ ಮುಗಿಯಿತು. ಗಂಟು ಕರಗಿದೆ, ಒಂದು ಡೋಸೂ ತಪ್ಪಿಲ್ಲ. ಆದರೂ ಅವಳದು ‘ಚಿಕಿತ್ಸೆ ಮುಗಿದಿದೆ’. ಕಫದಲ್ಲಿ ನೋಡಲು ಅವಳಿಗೆ ಏನೂ ಇರಲಿಲ್ಲ. ‘ಹಂಗಾರ ನನಗ ಆರಾಮ ಆಗಿಲ್ಲೇನ್ರಿ?’ ಅಂತ ಗಾಬರಿಯಾದಳು. ಆಗೇತವ್ವ, ಅದು ಬರೆಯುವ ರೀತಿ ಅಷ್ಟೇ ಅಂತ ಕೂರಿಸಿ ವಿವರಿಸಿದೆ.

ಗುಣವಾದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ವಿಚಾರಿಸಬೇಕು, ಯಾಕೆಂದರೆ ರೋಗ ಮರುಕಳಿಸಬಹುದು. ಗೌಂಡಿಯ ಮೊದಲ ತಾರೀಕು ಜನವರಿ 17. ಆಗ ಅವನು ಗೋವಾದಲ್ಲಿರುತ್ತಾನೆ. ಮೇಸ್ತ್ರಿಯ ನಂಬರನ್ನೂ ಅಲ್ಲಿನ ಆರೋಗ್ಯ ಕೇಂದ್ರದ ನಂಬರನ್ನೂ ಅವನ ಕಾರ್ಡಿನ ಮೇಲೆಯೇ ಬರೆದಿಟ್ಟಿದ್ದೇನೆ.