ಅರ್ಧ ಕಮಾನು, ಎರಡು ಮೊಮೆಂಟು, ಒಂದು ಲಗ್

ಪುಣೆಯ ಭೋಸರಿ ಕಡೆ ಒಂದು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ನಾನು ಡ್ರಾಯಿಂಗ್ ಕೆಲಸ ಮಾಡುತ್ತೇನೆ. ಶೆಡ್ಡಿನಲ್ಲಿ ಮರಾಠಿ, ಹಿಂದಿ ಎರಡೂ ನಡೆಯುತ್ತವೆ. ಆದರೆ ವೆಲ್ಡಿಂಗ್ ಮಾಡುವ ಕಾಕಾ ವಿಜಯಪುರದವರು, ನಾನು ಧಾರವಾಡದವನು. ಹಾಗಾಗಿ ಚಹಾದ ಹೊತ್ತಿನ ಮಾತೆಲ್ಲ ಕನ್ನಡದಲ್ಲೇ. ಈಗ ಹೇಳಹೊರಟ ಲೆಕ್ಕ ಶುರುವಾಗಿದ್ದು ಕಾಕಾ ಬೈದದ್ದರಿಂದ.

ಒಂದು ಹೌಸಿಂಗ್ ಸೊಸೈಟಿಯ ಗೇಟಿನ ಮೇಲೆ ಕೂರಿಸುವ ಕಮಾನು ಅದು. 6 ಮಿಮೀ ದಪ್ಪದ ಉಕ್ಕಿನ ಪ್ಲೇಟು, ಒಟ್ಟು ಅಗಲ 6 ಮೀಟರ್, ನಡುವಿನ ಎತ್ತರ 1.8 ಮೀಟರ್. ಇಡಿಯಾಗಿ ಟೆಂಪೋದಲ್ಲಿ ಹೋಗುವುದಿಲ್ಲವಾದ್ದರಿಂದ ನಡುವೆ ಸೀಳಿ ಎರಡು ತುಂಡು ಮಾಡಿ, ಜಾಗದಲ್ಲಿ ಬೋಲ್ಟ್ ಹಾಕಿ ಜೋಡಿಸುವುದೆಂದು ಆಗಿತ್ತು. ಒಂದು ತುಂಡಿಗೆ ತಳ 3 ಮೀಟರ್. ಎಡಗಡೆ 1.8 ಮೀಟರಿನ ನೆಟ್ಟಗಿನ ಅಂಚು, ಅದೇ ಜೋಡಣೆಯ ಅಂಚು. ಅಲ್ಲಿಂದ ಮೇಲಿನ ಬಾಗು ಇಳಿಯುತ್ತಾ ಬಲತುದಿಯಲ್ಲಿ ಚೂಪಾಗಿ ತಳ ಮುಟ್ಟುತ್ತದೆ. ಜೋಡಣೆಯ ಅಂಚಿನ ಬುಡವನ್ನು ಮೂಲಬಿಂದು ಎಂದಿಟ್ಟುಕೊಂಡರೆ ಬಾಗಿನ ಸಮೀಕರಣ ಹೀಗೆ:

y = 1.8 − 0.2x², x = 0 ಇಂದ 3

ಇದನ್ನು ಚೈನ್‌ಪುಲ್ಲಿಯಲ್ಲಿ ಒಂದೇ ಕೊಕ್ಕೆಯಿಂದ ಎತ್ತಬೇಕು. ಎತ್ತಿದಾಗ ತಳ ಮಟ್ಟವಾಗಿರಬೇಕು, ಇಲ್ಲದಿದ್ದರೆ ಎರಡು ತುಂಡುಗಳ ಬೋಲ್ಟ್ ತೂತು ಒಂದಕ್ಕೊಂದು ಕೂಡುವುದಿಲ್ಲ. ಅಂದರೆ ಕೊಕ್ಕೆ ಸಿಕ್ಕಿಸಲು ಬಾಗಿದ ಅಂಚಿಗೆ ಬೆಸೆಯುವ ಲಗ್, ಪ್ಲೇಟಿನ ತೂಕವೆಲ್ಲ ಒಂದೆಡೆ ಸೇರಿದಂತಿರುವ ಬಿಂದುವಾದ ಸೀಜಿಯ ನೇರ ಮೇಲೆಯೇ ಇರಬೇಕು. ನಾನು ಡ್ರಾಯಿಂಗಿನಲ್ಲಿ ಅದನ್ನು ಜೋಡಣೆಯ ಅಂಚಿನಿಂದ 1 ಮೀಟರಿಗೆ ಗುರುತಿಸಿದ್ದೆ. ಲಂಬಕೋನ ತ್ರಿಕೋನದ ಸೀಜಿ ಲಂಬಕೋನದಿಂದ ಮೂರನೇ ಒಂದು ಪಾಲಿನಲ್ಲಿರುತ್ತದೆ, ಇದೂ ನೋಡಲು ತ್ರಿಕೋನದ ಹಾಗೇ ಇದೆಯಲ್ಲ ಎಂಬ ಧೈರ್ಯ.

ಎತ್ತಿದ ಕೂಡಲೇ ಚೂಪು ತುದಿ ನೆಲದ ಕಡೆ ಜೋತುಬಿತ್ತು. ಟೇಪು ಹಿಡಿದು ನೋಡಿದರೆ ಒಂದು ತುದಿಗೂ ಇನ್ನೊಂದಕ್ಕೂ ಸುಮಾರು 42 ಸೆಂಮೀ ವ್ಯತ್ಯಾಸ.

"ತಮ್ಮಾ, ನಿನ್ನ ಮೂರನೇ ಪಾಲು ಸುಳ್ಳು ಐತಿ ನೋಡು. ಇದಕ್ಕ ಹೊಟ್ಟಿ ಐತಿ, ತ್ರಿಕೋನಕ್ಕ ಎಲ್ಲೈತಿ ಹೊಟ್ಟಿ?" ಅಂದರು ಕಾಕಾ.

ಕಾಕಾ ಹೇಳಿದ್ದೇ ಸರಿ. ಬಾಗು ಹೊರಕ್ಕೆ ಉಬ್ಬಿರುವುದರಿಂದ ತ್ರಿಕೋನದ ಗೆರೆಯಾಚೆ ಒಂದಷ್ಟು ಲೋಹ ಹೆಚ್ಚಿಗೆ ಇದೆ, ಅದರ ನಡುವು 1 ಮೀಟರಿನ ಬಲಕ್ಕಿದೆ. ಸೀಜಿ ಬಲಕ್ಕೆ ಸರಿಯಲೇಬೇಕು. ಎಷ್ಟು ಸರಿಯುತ್ತದೆ ಎಂದು ತಿಳಿಯಲು ಕಾಗದ ತೆಗೆದುಕೊಂಡು ಕೂತೆ.

ಪ್ಲೇಟನ್ನು ನಿಂತ ಪಟ್ಟಿಗಳಾಗಿ ಸೀಳಿದಂತೆ ಊಹಿಸಿಕೊಳ್ಳಿ. x ದೂರದಲ್ಲಿರುವ ಒಂದು ಪಟ್ಟಿಯ ಅಗಲ dx, ಎತ್ತರ y, ಕ್ಷೇತ್ರಫಲ y dx. ಎಲ್ಲ ಪಟ್ಟಿಗಳನ್ನೂ ಕೂಡಿಸಿದರೆ ಒಟ್ಟು ಕ್ಷೇತ್ರಫಲ:

A = ∫(1.8 − 0.2x²)dx = 5.4 − 1.8 = 3.6 ಚದರ ಮೀಟರ್

ಈಗ ಮೊಮೆಂಟು, ಅಂದರೆ ತಿರುಗಿಸಲು ನೋಡುವ ಜಗ್ಗಾಟ. ನೆಟ್ಟಗಿನ ಅಂಚನ್ನು, ಅಂದರೆ y ಅಕ್ಷವನ್ನು, ಬಾಗಿಲಿನ ಬಿಜಾಗರಿ ಎಂದುಕೊಳ್ಳಿ. ಬಿಜಾಗರಿಯಿಂದ ದೂರ ಹೋದಷ್ಟೂ ಪಟ್ಟಿಯ ಜಗ್ಗಾಟ ಹೆಚ್ಚು. ಪಟ್ಟಿಯ ದೂರ x, ಆದ್ದರಿಂದ ಅದರ ಮೊಮೆಂಟು x·y dx:

M_y = ∫x(1.8 − 0.2x²)dx = 8.1 − 4.05 = 4.05

ಇದನ್ನು ಕ್ಷೇತ್ರಫಲದಿಂದ ಭಾಗಿಸಿದರೆ ನೆಟ್ಟಗಿನ ಅಂಚಿನಿಂದ ಸೀಜಿಗೆ ಇರುವ ದೂರ x̄ ಸಿಗುತ್ತದೆ:

x̄ = M_y / A = 4.05 / 3.6 = 1.125 ಮೀಟರ್

y ಅಕ್ಷದ ಸುತ್ತಲಿನ ಮೊಮೆಂಟು x̄ ಕೊಡುತ್ತದೆ ಎಂಬಲ್ಲಿ ನಾನು ಡಿಪ್ಲೊಮಾ ಓದುವಾಗ ಪ್ರತಿ ಸಲ ಮುಗ್ಗರಿಸುತ್ತಿದ್ದೆ. M_y ಅಂದಮೇಲೆ ತಳದಿಂದ ಸೀಜಿಯ ಎತ್ತರವಾದ ȳ ಬರಬೇಕಲ್ಲವೇ ಎಂದು ಅದಲುಬದಲು ಮಾಡಿಬಿಡುತ್ತಿದ್ದೆ. ಬಿಜಾಗರಿ ನೆನಪಿಟ್ಟುಕೊಂಡ ಮೇಲೆ ಆ ಗೊಂದಲ ಹೋಯಿತು. ಹೆಸರಿನಲ್ಲಿರುವುದು ಬಿಜಾಗರಿಯ ಗೆರೆ, ಅಳೆಯುವುದು ಅದರಿಂದ ಇರುವ ದೂರ.

ಲಗ್ಗಿಗೆ x̄ ಒಂದೇ ಸಾಕಿತ್ತು. ಆದರೆ ಕಮಾನಿನ ಬುಡದ ಬೋಲ್ಟುಗಳ ಲೆಕ್ಕಕ್ಕೆ ȳ ಕೂಡ ಬೇಕು. ಗಾಳಿ ಇಡೀ ಪ್ಲೇಟನ್ನು ಒಂದೇ ಸಮನಾಗಿ ಒತ್ತುತ್ತದೆ ಎಂದಿಟ್ಟುಕೊಂಡರೆ, ಆ ಒತ್ತಡದ ಒಟ್ಟು ಬಲ ಕ್ಷೇತ್ರಫಲದ ನಡುಬಿಂದುವಾದ ಸೆಂಟ್ರಾಯ್ಡಿನ ಮೇಲೆ ಬಿದ್ದಂತೆ. ಕಮಾನನ್ನು ಬುಡದಲ್ಲಿ ಮಗುಚಲು ನೋಡುವ ಮೊಮೆಂಟು ಅಂದರೆ ಆ ಬಲ ಗುಣಿಲೆ ȳ.

ಇಲ್ಲಿ ನಾನು ಎರಡನೇ ತಪ್ಪು ಮಾಡಿದೆ. x ಇದ್ದ ಕಡೆ y ಹಾಕಿದರಾಯಿತು ಎಂದು ∫y·y dx ಬರೆದು 5.184 ತೆಗೆದೆ, 3.6ರಿಂದ ಭಾಗಿಸಿ ȳ = 1.44 ಅಂದೆ. ಚಿತ್ರದ ಮೇಲೆ (1.125, 1.44) ಚುಕ್ಕೆ ಇಟ್ಟು ನೋಡಿದೆ. ಅಲ್ಲಿ ಬಾಗಿನ ಎತ್ತರ 1.547, ಹಾಗಾಗಿ ಚುಕ್ಕೆ ಪ್ಲೇಟಿನ ಒಳಗೇ ಬಿತ್ತು. ಒಳಗಿದೆಯಲ್ಲ, ಸರಿಯಾಗಿರಬೇಕು ಎಂದು ಡಿಸೈನ್ ನೋಡುವ ಸಾಹೇಬರಿಗೆ ಕೊಟ್ಟೆ. ಅವರು ಇಂಟಿಗ್ರೇಷನ್ ನೋಡಲೂ ಇಲ್ಲ. "ನಡುವಿನ ಎತ್ತರವೇ 1.8, ಅದರ ಅರ್ಧ 0.9. ನಿನ್ನ ಸೀಜಿ ಅದಕ್ಕಿಂತ ಮೇಲೆ ಹೇಗೆ ಹೋಯ್ತು?" ಎಂದು ಕಾಗದ ವಾಪಸ್ ಕೊಟ್ಟರು.

ಆ ಒಂದು ಪ್ರಶ್ನೆಯಲ್ಲಿ ಎಲ್ಲವೂ ಇದೆ. ಪ್ರತಿ ಪಟ್ಟಿಯೂ ತಳದ ಮೇಲೆ ನಿಂತಿದೆ, ಅದರ ತೂಕದ ನಡುವು ಅದರ ಅರ್ಧ ಎತ್ತರದಲ್ಲಿ. ಎಲ್ಲಕ್ಕಿಂತ ಎತ್ತರದ ಪಟ್ಟಿಯ ನಡುವೇ 0.9 ಮೀಟರಿನಲ್ಲಿದ್ದರೆ, ಉಳಿದ ಪಟ್ಟಿಗಳ ನಡುವು ಅದಕ್ಕಿಂತ ಕೆಳಗೇ. ಅವುಗಳ ಸರಾಸರಿ 1.44 ಆಗುವುದು ಸಾಧ್ಯವೇ ಇಲ್ಲ. y ಅಕ್ಷದ ಲೆಕ್ಕದಲ್ಲಿ ಈ ತೊಡಕು ಬರುವುದಿಲ್ಲ, ಯಾಕೆಂದರೆ ಪಟ್ಟಿ ತೀರಾ ತೆಳು, ಅದರ ಎಲ್ಲ ಭಾಗವೂ ಬಿಜಾಗರಿಯಿಂದ x ದೂರದಲ್ಲೇ ಇದೆ. ತಳವನ್ನು ಬಿಜಾಗರಿ ಮಾಡಿಕೊಂಡಾಗ ಅದೇ ಪಟ್ಟಿಯ ಬುಡ ಸೊನ್ನೆ ದೂರದಲ್ಲಿ, ತಲೆ y ದೂರದಲ್ಲಿ. ಆದ್ದರಿಂದ ದೂರ ಎಂದು ಹಿಡಿಯಬೇಕಾದ್ದು y/2:

M_x = ∫(y/2)·y dx = ½∫(1.8 − 0.2x²)²dx
    = ½(9.72 − 6.48 + 1.944) = 2.592

ȳ = M_x / A = 2.592 / 3.6 = 0.72 ಮೀಟರ್

ಸೂತ್ರದಲ್ಲಿನ ಆ ½ ಎಲ್ಲಿಂದ ಬಂತೆಂದು ತಿಳಿಯದೆ ಬಾಯಿಪಾಠ ಮಾಡಿದ್ದರಿಂದಲೇ ಅದು ಕೈಬಿಟ್ಟಿದ್ದು. ಆ ತಪ್ಪನ್ನು ಹಾಗೇ ಬಿಟ್ಟಿದ್ದರೆ ಗಾಳಿಯ ಮೊಮೆಂಟು ನೇರ ಎರಡು ಪಟ್ಟಾಗಿ ಬುಡಕ್ಕೆ ದಪ್ಪ ಬೋಲ್ಟು ಬರುತ್ತಿತ್ತು. ಕಮಾನು ಬೀಳುತ್ತಿರಲಿಲ್ಲ, ದುಡ್ಡು ಮಾತ್ರ ದಂಡ. 0.72 ಅಂದರೆ 1.8ರ ಐದನೇ ಎರಡು ಪಾಲು. ಇಂಥ ಬಾಗಿನ, ಅಂದರೆ ಪೆರಾಬೊಲದ, ಈ ಪ್ರಮಾಣವನ್ನು ಆರ್ಕಿಮಿಡೀಸ್ ಇಂಟಿಗ್ರೇಷನ್ನಿನ ಚಿಹ್ನೆಗಳೇ ಇಲ್ಲದ ಕಾಲದಲ್ಲಿ ಸಾಧಿಸಿದ್ದ ಎಂಬುದನ್ನು ನೆನೆದರೆ ನನಗೆ ಸ್ವಲ್ಪ ನಾಚಿಕೆಯೇ.

ಎರಡು ಸಲ ಎಡವಿದ್ದರಿಂದ ಕಾಕಾ ನನ್ನ ಕಾಗದ ನಂಬಲಿಲ್ಲ. "ಒಂದ್ ರಟ್ಟು ಕತ್ತರಿಸಿ ತೂಗ್ ಬಿಡು" ಅಂದರು. ಹತ್ತನೇ ಒಂದು ಅಳತೆಯಲ್ಲಿ, ಅಂದರೆ ತಳ 30 ಸೆಂಮೀ, ಎತ್ತರ 18 ಸೆಂಮೀ ಬರುವಂತೆ ರಟ್ಟು ಕತ್ತರಿಸಿದೆ. ಅಂಚಿನ ಹತ್ತಿರ ಒಂದು ತೂತು ಮಾಡಿ ಮೊಳೆಗೆ ಸಡಿಲವಾಗಿ ನೇತುಹಾಕಿ, ಅದೇ ಮೊಳೆಯಿಂದ ಒಳಂಬಾ ಇಳಿಬಿಟ್ಟು ದಾರದ ಗೆರೆ ಎಳೆದೆ. ಒಳಂಬಾ ಅಂದರೆ ಗೌಂಡಿಗಳ ತೂಗುಗುಂಡು, ಇಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ಇನ್ನೊಂದು ತೂತಿನಿಂದ ಇನ್ನೊಂದು ಗೆರೆ. ಎರಡೂ ಕೂಡಿದ್ದು ಎಡ ಅಂಚಿನಿಂದ 11 ಸೆಂಮೀಗಿಂತ ತುಸು ಆಚೆ, ತಳದಿಂದ 7 ಸೆಂಮೀಗಿಂತ ತುಸು ಮೇಲೆ. ಎರಡು ತೂತುಗಳನ್ನು ದೂರ ದೂರ ಮಾಡಬೇಕು. ಹತ್ತಿರ ಮಾಡಿದರೆ ಗೆರೆಗಳು ಓರೆಯಾಗಿ ಉಜ್ಜಿಕೊಂಡು ಹೋಗುತ್ತವೆ, ಎಲ್ಲಿ ಕೂಡಿದವು ಎಂದು ಹೇಳುವುದೇ ಕಷ್ಟ.

ಗಿರಾಕಿ ಸಮೀಕರಣ ಕೊಡದೆ ಬರೀ ಪ್ಲೈವುಡ್ ಅಚ್ಚು ತಂದರೆ ನಾನು ಈಗ ಮಾಡುವುದು ಇಷ್ಟೇ: ತಳವನ್ನು ಆರು ಸಮ ಭಾಗ ಮಾಡಿ, ಪ್ರತಿ ಭಾಗದ ನಡುವಿನ ಎತ್ತರವನ್ನು ಟೇಪಿನಿಂದ ಅಳೆದು, ಮೇಲಿನ ಮೂರು ಮೊತ್ತಗಳನ್ನೇ ಕೂಡಿಸುತ್ತೇನೆ. ಈ ಕಮಾನಿಗೆ ಹಾಗೆ ಮಾಡಿ ನೋಡಿದಾಗ x̄ = 1.137, ȳ = 0.718 ಬಂತು. ಆರೇ ಪಟ್ಟಿಗೆ 12 ಮಿಮೀ ತಪ್ಪು. ಲಗ್ಗಿನ ಅಗಲವೇ ಅದಕ್ಕಿಂತ ಹೆಚ್ಚು.

ಲಗ್ಗನ್ನು 1.125ಕ್ಕೆ ಟ್ಯಾಕ್, ಅಂದರೆ ತಾತ್ಕಾಲಿಕ ಬೆಸುಗೆ, ಮಾಡಿ ಎತ್ತಿದೆವು. ತಳ ಮಟ್ಟ. ಕಾಕಾ ಏನೂ ಅನ್ನಲಿಲ್ಲ, ಅವರ ಮಟ್ಟಿಗೆ ಅದೇ ಶಹಬ್ಬಾಸ್.

ಎರಡು ದಿನ ಬಿಟ್ಟು ಜೋಡಣೆಯ ಅಂಚಿಗೆ ಬೋಲ್ಟ್ ಹಾಕಲು 50×50×6ರ ಆ್ಯಂಗಲ್ ಬೆಸೆದು ಮತ್ತೆ ಎತ್ತಿದರೆ, ಈ ಸಲ ಜೋಡಣೆಯ ಕಡೆಯೇ 19 ಸೆಂಮೀ ಹತ್ತಿರ ಕೆಳಗೆ ಜಗ್ಗಿತು. ಇಂಟಿಗ್ರೇಷನ್ ತಪ್ಪಿರಲಿಲ್ಲ, ಅದು ಬರೀ ಪ್ಲೇಟಿನ ಲೆಕ್ಕವಾಗಿತ್ತು. ಪ್ಲೇಟಿನ ತೂಕ ಚದರ ಮೀಟರಿಗೆ 47.1 ಕಿಲೋದಂತೆ ಸುಮಾರು 170 ಕಿಲೋ. ಆ್ಯಂಗಲ್ ಮೀಟರಿಗೆ 4.5 ಕಿಲೋದಂತೆ 8.1 ಕಿಲೋ, ಅದೂ ಬಿಜಾಗರಿಯ ಗೆರೆಯ ಮೇಲೆಯೇ. ಅಲ್ಲಿ ಅದರ ಮೊಮೆಂಟು ಹೆಚ್ಚುಕಡಿಮೆ ಸೊನ್ನೆ, ಆದರೆ ಭಾಗಿಸುವ ಒಟ್ಟು ತೂಕ ಮಾತ್ರ ಹೆಚ್ಚಾಯಿತು:

x̄ = (169.6 × 1.125 + 8.1 × 0) / 177.7 ≈ 1.074 ಮೀಟರ್

8 ಕಿಲೋದ ಒಂದು ಆ್ಯಂಗಲ್ ಸೀಜಿಯನ್ನು 5 ಸೆಂಮೀ ಎಳೆದುಕೊಂಡಿತ್ತು. ದಪ್ಪ ಒಂದೇ ಸಮನಿರುವ ತನಕ ಕ್ಷೇತ್ರಫಲದ ಲೆಕ್ಕವೇ ತೂಕದ ಲೆಕ್ಕ. ಬೇರೆ ಏನಾದರೂ ಬೆಸೆದ ಕೂಡಲೇ ಕಿಲೋದಲ್ಲಿ ಮೊಮೆಂಟು ಹಿಡಿಯಬೇಕು. ಗಾಳಿಯ ಲೆಕ್ಕದ ȳ ಮಾತ್ರ 0.72 ಆಗಿಯೇ ಉಳಿಯಿತು, ಗಾಳಿಗೆ ಕಾಣುವುದು ಮೈ, ತೂಕವಲ್ಲ.

ಕಾಕಾ ಗ್ರೈಂಡರ್ ಹಿಡಿದು ಟ್ಯಾಕ್ ಕಿತ್ತು ಲಗ್ಗನ್ನು 5 ಸೆಂಮೀ ಜೋಡಣೆಯ ಕಡೆ ಸರಿಸಿ ಪೂರ್ತಿ ಬೆಸೆದರು. ಇನ್ನೊಂದು ತುಂಡಿಗೆ ಹೊಸ ಲೆಕ್ಕ ಬೇಕಾಗಲಿಲ್ಲ, ಕನ್ನಡಿಯಲ್ಲಿ ನೋಡಿದ ಹಾಗೆ ಅದೇ 1.074. ಆದರೆ ಅಳತೆ ಚೂಪು ತುದಿಯಿಂದ ಹಿಡಿಯಬಾರದೆಂದು ಜೋಡಣೆಯ ಅಂಚಿಗೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಸೊನ್ನೆ ಬರೆದಿಟ್ಟೆ. ಗೇಟಿನ ಹತ್ತಿರ ಎರಡನೇ ತುಂಡು ಎತ್ತಿದಾಗ ಮೊದಲ ಮೂರು ಬೋಲ್ಟು ಕೈಯಲ್ಲೇ ಒಳಗೆ ಹೋದವು. ನಾಲ್ಕನೆಯದಕ್ಕೆ ಕಾಕಾ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟರು.